ನೋಂದಣಿ ದಿನಾಂಕ ಮುಂದೂಡಲು ಮಾರುವವರಿಗೆ ಬರೆಯುವ ಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ತಾಲ್ಲೂಕು ಕಚೇರಿಯ ಆಸುಪಾಸಿನಲ್ಲಿ ಕೂತು ಪತ್ರ ಬರೆಯುವ ನನಗೆ ಕೊಳ್ಳುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕ್ರಯದ ಕರಾರು ಆಗಿ, ಮುಂಗಡ ಕೊಟ್ಟು, ನೋಂದಣಿಗೆ ಗೊತ್ತುಮಾಡಿದ ದಿನ ಹತ್ತಿರ ಬಂದಿರುವಾಗ ಎರಡು ಮೂರು ವಾರಗಳ ಕಾಲಾವಕಾಶ ಬೇಕಾದವರಿಗಾಗಿ ಇದನ್ನು ಬರೆದಿದ್ದೇನೆ. ಉದಾಹರಣೆಗೆ ಉದ್ದಕ್ಕೂ ಒಂದೇ ಪ್ರಕರಣವನ್ನು ಹಿಡಿದಿದ್ದೇನೆ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ಹಾಸನದಲ್ಲಿ 30×40 ಅಡಿಯ ನಿವೇಶನವೊಂದನ್ನು ನಿವೃತ್ತ ಮೇಷ್ಟ್ರು ಮತ್ತು ಅವರ ತಂಗಿಯಿಂದ 38 ಲಕ್ಷಕ್ಕೆ ಕೊಳ್ಳಲು ಕರಾರು ಮಾಡಿಕೊಂಡು 4 ಲಕ್ಷ ಮುಂಗಡ ಕೊಟ್ಟಿದ್ದರು. ನೋಂದಣಿಯ ಕೊನೆಯ ದಿನ ಮಾರ್ಚ್ 20 ಆಗಿತ್ತು.

## ಮೊದಲು ಕೇಳುವವು

ಫೋನಿನಲ್ಲಿ ಮಾತಾಡಿದ್ದೇವೆ, ಅವರೂ "ಆಯ್ತು ಬಿಡಿ" ಅಂದಿದ್ದಾರೆ. ಮತ್ತೆ ಪತ್ರ ಯಾಕೆ?

"ಆಯ್ತು ಬಿಡಿ" ಎಂಬ ಮಾತಿಗೆ ದಿನಾಂಕವಿಲ್ಲ, ಅವಧಿಯಿಲ್ಲ, ದಂಡದ ವಿಷಯವಂತೂ ಇಲ್ಲವೇ ಇಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 63ನೇ ಪ್ರಕರಣದಂತೆ, ಕರಾರಿನ ಕೆಲಸ ಯಾರಿಗೆ ಸಲ್ಲಬೇಕೋ ಅವರು ಅದರ ಅವಧಿಯನ್ನು ವಿಸ್ತರಿಸಬಹುದು. ಅಂದರೆ ಅವಧಿ ಕೊಡುವುದು ಮಾರುವವರ ಕೈಯಲ್ಲಿದೆ. ಕೊಟ್ಟಿದ್ದಾರೆ ಎಂದು ತೋರಿಸುವ ಹೊಣೆ ಮಾತ್ರ ಕೊಳ್ಳುವವರ ಮೇಲೆ ಬೀಳುತ್ತದೆ. ನಾಳೆ ಅದೇ ಬೀದಿಯ ನಿವೇಶನಕ್ಕೆ ಇನ್ನೊಬ್ಬರು ಎರಡು ಲಕ್ಷ ಹೆಚ್ಚು ಕೊಡುತ್ತೇನೆಂದರೆ ಫೋನಿನ ಮಾತು ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಮೊದಲು ಮನೆಗೆ ಹೋಗಿ ಮಾತನಾಡಿ, ಆಮೇಲೆ ಅದೇ ಮಾತನ್ನು ಪತ್ರದಲ್ಲಿ ಬರೆದು ಕೊಡುವುದು ಸರಿಯಾದ ಕ್ರಮ. ಮುನ್ಸೂಚನೆಯಿಲ್ಲದೆ ಅಂಚೆಯಲ್ಲಿ ಬಂದ ಪತ್ರವನ್ನು ನಮ್ಮ ಕಡೆ ಜನ ವಕೀಲರ ನೋಟಿಸು ಎಂದೇ ತಿಳಿದು ಗಾಬರಿಯಾಗುತ್ತಾರೆ.

ಯಾವಾಗ ಕೊಡಬೇಕು? ಕೊನೆಯ ದಿನ ಕೊಟ್ಟರೂ ನಡೆಯುತ್ತದಾ?

ಅವಧಿ ಮುಗಿಯುವ ಮೊದಲು ಕೊಡಬೇಕು, ಹತ್ತು ಹದಿನೈದು ದಿನ ಮುಂಚೆ ಕೊಟ್ಟರೆ ಒಳ್ಳೆಯದು. ದಿನಾಂಕ ಕಳೆದ ಮೇಲೆ ಕೊಟ್ಟ ಪತ್ರ ತಪ್ಪಿಗೆ ಸಮಜಾಯಿಷಿಯಂತೆ ಕಾಣುತ್ತದೆ. ನಮ್ಮ ಉದಾಹರಣೆಯಲ್ಲಿ ಬ್ಯಾಂಕಿನಿಂದ ಆಕ್ಷೇಪಣೆ ಬಂದದ್ದು ಮಾರ್ಚ್ 4ಕ್ಕೆ, ಪತ್ರ ಹೋದದ್ದು ಮಾರ್ಚ್ 6ಕ್ಕೆ. ಎರಡೇ ದಿನದಲ್ಲಿ ತಿಳಿಸಿದ್ದಾರೆ ಎಂಬುದೇ ಮೇಷ್ಟ್ರಿಗೆ ಅರ್ಧ ಸಮಾಧಾನ ತಂದಿತು.

ಎಷ್ಟು ದಿನ ಕೇಳಬಹುದು?

ಎಷ್ಟು ಬೇಕೋ ಅಷ್ಟನ್ನೇ ಎಣಿಸಿ ಕೇಳಬೇಕು, "ಸ್ವಲ್ಪ ದಿನ" ಎಂದು ಬರೆಯಲೇಬಾರದು. ಎಣಿಸುವುದು ಹೀಗೆ: ಬಾಕಿಯಿರುವ ಕಾಗದ ಕೈಗೆ ಬರಲು ಎಷ್ಟು ದಿನ, ಬ್ಯಾಂಕಿನ ವಕೀಲರು ಅದನ್ನು ನೋಡಿ ಅಭಿಪ್ರಾಯ ಕೊಡಲು ಎಷ್ಟು ದಿನ, ಬ್ಯಾಂಕು ಡಿ.ಡಿ. ತಯಾರಿಸಲು ಎಷ್ಟು ದಿನ. ಇದರ ಮೇಲೆ ಕಾವೇರಿ 2.0 ತಂತ್ರಾಂಶದ ಸಮಯವನ್ನೂ ಸೇರಿಸಬೇಕು. ಅಲ್ಲಿ ಅರ್ಜಿ ಮತ್ತು ಕರಡು ಪತ್ರವನ್ನು ಸಲ್ಲಿಸಿದ ಮೇಲೆ ಉಪನೋಂದಣಾಧಿಕಾರಿಗಳು ಪರಿಶೀಲಿಸಿ ಒಪ್ಪಬೇಕು, ನಂತರ ಶುಲ್ಕ ಕಟ್ಟಬೇಕು, ಆಮೇಲಷ್ಟೇ ಕಚೇರಿಗೆ ಬರುವ ದಿನ ಮತ್ತು ಹೊತ್ತನ್ನು ಕಾಯ್ದಿರಿಸಲು ಬರುತ್ತದೆ. ಈ ಲೆಕ್ಕದಲ್ಲಿ ನಮ್ಮವರಿಗೆ ಮಾರ್ಚ್ 20ರ ಮೇಲೆ ಇನ್ನೂ ಹದಿನೇಳು ದಿನ ಬೇಕೆಂದು ಬಂತು. ನಾಲ್ಕು ದಿನ ಕೂಡಿಸಿ ಇಪ್ಪತ್ತೊಂದು ದಿನ, ಅಂದರೆ ಏಪ್ರಿಲ್ 10ರವರೆಗೆ ಕೇಳಿದೆವು. ಎರಡನೇ ಸಲ ಕೇಳುವ ಪತ್ರಕ್ಕೆ ಮೊದಲನೆಯದರ ಬೆಲೆ ಇರುವುದಿಲ್ಲ, ಹಾಗಾಗಿ ಬಿಗಿಹಿಡಿದು ಕಡಿಮೆ ಕೇಳುವುದೂ ಜಾಣತನವಲ್ಲ.

## ಕಾರಣ ಬರೆಯುವ ಬಗ್ಗೆ

"ದುಡ್ಡು ಇನ್ನೂ ಹೊಂದಿಲ್ಲ" ಅಂತ ಇದ್ದಂತೆಯೇ ಬರೆದರೆ ತಪ್ಪೇನು? ನಿಜವನ್ನೇ ಹೇಳಿದಂತಾಯಿತಲ್ಲ?

ಈ ಒಂದು ವಾಕ್ಯವೇ ಪತ್ರವನ್ನು ಕೆಡಿಸುವುದು ಹೆಚ್ಚು. ಮುಂದೆ ವ್ಯವಹಾರ ಮುರಿದು, ಕ್ರಯಪತ್ರ ಬರೆಸಿಕೊಡಿ ಎಂದು ಕೊಳ್ಳುವವರು ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದರೆ, 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 16(ಸಿ) ಪ್ರಕರಣದಂತೆ ತಮ್ಮ ಪಾಲಿನ ಕೆಲಸಕ್ಕೆ ತಾವು ಮೊದಲಿನಿಂದಲೂ ಸಿದ್ಧರಿದ್ದೆವು, ಮನಸ್ಸೂ ಇತ್ತು ಎಂಬುದನ್ನು ಅವರು ತೋರಿಸಬೇಕಾಗುತ್ತದೆ. ಅದಕ್ಕಾಗಿ ಕಟ್ಟಿಟ್ಟ ನೋಟುಗಳನ್ನು ಎದುರಿಗೆ ಇಡಬೇಕೆಂದೇನಿಲ್ಲ, ಹಣ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಆಧಾರವಿದ್ದರೆ ಸಾಕು. ಆದರೆ ತಾವೇ ಸಹಿ ಹಾಕಿದ ಪತ್ರದಲ್ಲಿ "ಹಣ ಹೊಂದಿಲ್ಲ" ಎಂದಿದ್ದರೆ ಎದುರು ವಕೀಲರು ಮೊದಲು ಓದುವುದು ಅದನ್ನೇ.

ಹಾಗೆಂದು ಸುಳ್ಳು ಬರೆಯಬೇಕಾಗಿಲ್ಲ, ಇರುವುದನ್ನು ಬಿಡಿಸಿ ಬರೆದರೆ ಆಯಿತು. ನಮ್ಮ ಉದಾಹರಣೆಯಲ್ಲಿ ಬಾಕಿ 34 ಲಕ್ಷದ ಪೈಕಿ 10 ಲಕ್ಷ ಕಾಫಿ ಮಾರಿದ ಹಣ, ಅದು ಆಗಲೇ ಖಾತೆಯಲ್ಲಿತ್ತು. ಉಳಿದ 24 ಲಕ್ಷಕ್ಕೆ ಬ್ಯಾಂಕು ಸಾಲ ಮಂಜೂರು ಮಾಡಿ ಪತ್ರ ಕೊಟ್ಟಿತ್ತು. ನಿಂತಿದ್ದು ಒಂದು ದಾಖಲೆಗಾಗಿ ಮಾತ್ರ. ಹಾಗಾಗಿ "ಹಣ ಹೊಂದಿಲ್ಲ" ಎನ್ನುವುದರ ಬದಲು "10 ಲಕ್ಷ ಖಾತೆಯಲ್ಲಿದೆ, 24 ಲಕ್ಷ ಮಂಜೂರಾಗಿದೆ, ಬಿಡುಗಡೆಗೆ ಇಂಥ ದಾಖಲೆ ಬೇಕಾಗಿದೆ" ಎಂದು ಬರೆದೆವು. ಎರಡೂ ನಿಜವೇ, ಆದರೆ ಎರಡನೆಯದು ಸಿದ್ಧತೆಯನ್ನು ತೋರಿಸುತ್ತದೆ. ಮಂಜೂರಾತಿ ಪತ್ರದ ನಕಲನ್ನೂ ಖಾತೆಯ ಬಾಕಿ ತೋರಿಸುವ ಪುಟವನ್ನೂ ಲಗತ್ತಿಸಿದೆವು. ಖಾತೆಯ ಉಳಿದ ವಹಿವಾಟನ್ನು ಮಾರುವವರಿಗೆ ತೋರಿಸಬೇಕಾದ ಅಗತ್ಯವಿಲ್ಲ, ಆ ಸಾಲುಗಳನ್ನು ಮುಚ್ಚಿ ನಕಲು ತೆಗೆದರೆ ಸಾಕು.

ತಡವಾಗಿದ್ದು ಅವರ ದಾಖಲೆಯಿಂದ. ಅದನ್ನು ಬರೆಯಬಹುದಾ, ಬೇಜಾರು ಮಾಡಿಕೊಳ್ಳುತ್ತಾರಾ?

ಬರೆಯಲೇಬೇಕು, ದೂರಿನ ಧಾಟಿ ಬೇಡ. ಮೇಷ್ಟ್ರಿಗೆ ಆ ನಿವೇಶನ ಬಂದದ್ದು ತಂದೆಯಿಂದ. ಬೇರೆ ವಾರಸುದಾರರು ಯಾರೂ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಬ್ಯಾಂಕಿನ ವಕೀಲರು ದೃಢೀಕೃತ ವಂಶವೃಕ್ಷ ಕೇಳಿದರು. ಅದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕಾದವರು ಮೇಷ್ಟ್ರೇ, ಮತ್ತು ಕೇಳಿದ ಮರುದಿನವೇ ಅವರು ಹಾಕಿಯೂ ಇದ್ದರು. ಗ್ರಾಮ ಆಡಳಿತಾಧಿಕಾರಿಯ ವರದಿ ಬರಬೇಕಿತ್ತು. "ನಿಮ್ಮ ದಾಖಲೆ ಸರಿಯಿಲ್ಲದ ಕಾರಣ" ಎಂದು ಕೊಳ್ಳುವವರು ಮೊದಲು ಬರೆದುಕೊಂಡು ಬಂದಿದ್ದರು. ನಾವು ಅದನ್ನು "ಬ್ಯಾಂಕು ಕೇಳಿರುವ ವಂಶವೃಕ್ಷಕ್ಕೆ ತಾವು 05-03-2026ರಂದು ಅರ್ಜಿ ಸಲ್ಲಿಸಿ ಸಹಕರಿಸಿದ್ದೀರಿ, ಅದು ಕೈಸೇರಬೇಕಾಗಿದೆ" ಎಂದು ತಿದ್ದಿದೆವು. ವಿಷಯ ಅದೇ ಇದೆ, ತಡಕ್ಕೆ ಕೊಳ್ಳುವವರೊಬ್ಬರೇ ಕಾರಣರಲ್ಲ ಎಂಬುದು ಲಿಖಿತವಾಗಿ ಉಳಿಯಿತು, ಮೇಷ್ಟ್ರ ಮನಸ್ಸೂ ನೋಯಲಿಲ್ಲ.

ಮನೆಯಲ್ಲಿ ಕಾಯಿಲೆ, ಮಗಳ ಮದುವೆ ಮುಂತಾದ ಕಾರಣಗಳು ನಿಜವಿದ್ದರೆ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಬಹುದು. ಮೂರು ನಾಲ್ಕು ಕಾರಣಗಳನ್ನು ಪೋಣಿಸಿದರೆ ಓದುವವರು ಒಂದನ್ನೂ ನಂಬುವುದಿಲ್ಲ.

## ದಂಡದ ವಿಷಯ

ಅವಧಿ ಮೀರಿದರೆ ಮುಂಗಡ ಮುಟ್ಟುಗೋಲು ಅಂತ ಕರಾರಿನ 7ನೇ ಷರತ್ತಿನಲ್ಲಿದೆ. ಪತ್ರದಲ್ಲಿ ಅದರ ಸುದ್ದಿ ಎತ್ತಬೇಕಾ, ಸುಮ್ಮನಿದ್ದರೆ ಒಳ್ಳೆಯದಾ?

ಎತ್ತಬೇಕು. ಕೊಳ್ಳುವವರು ಆ ಷರತ್ತನ್ನು ಮರೆತಿದ್ದಾರೆಯೇ, ಇಲ್ಲವೇ ತಪ್ಪಿಸಿಕೊಳ್ಳಲು ನೋಡುತ್ತಿದ್ದಾರೆಯೇ ಎಂಬ ಅನುಮಾನ ಮಾರುವವರಿಗೆ ಇದ್ದೇ ಇರುತ್ತದೆ. ಆದರೆ ಬರೆಯುವ ಮಾತಿನಲ್ಲಿ ಎಚ್ಚರಿಕೆ ಬೇಕು. "ಷರತ್ತಿನಂತೆ ಯಾವ ದಂಡಕ್ಕೂ ಬದ್ಧನಾಗಿದ್ದೇನೆ" ಎಂದು ಧಾರಾಳವಾಗಿ ಬರೆದುಕೊಟ್ಟವರನ್ನು ನೋಡಿದ್ದೇನೆ. ಅವಧಿ ಕೇಳುವ ಪತ್ರವೇ ತಪ್ಪೊಪ್ಪಿಗೆಯಾಗಿಬಿಡುತ್ತದೆ. ಮೂರು ವಿಷಯ ಹೇಳಿದರೆ ಸಾಕು: ಷರತ್ತು ನನಗೆ ತಿಳಿದಿದೆ, ಅದನ್ನು ತೆಗೆದುಹಾಕಿ ಎಂದು ಕೇಳುತ್ತಿಲ್ಲ, ಹೊಸ ದಿನಾಂಕದವರೆಗೆ ಅದನ್ನು ಜಾರಿಗೆ ತರಬೇಡಿ ಎಂದಷ್ಟೇ ಕೇಳುತ್ತಿದ್ದೇನೆ.

ಕಾನೂನು ಎಲ್ಲಿ ನಿಲ್ಲುತ್ತದೆ ಎಂಬುದೂ ಗೊತ್ತಿರಲಿ. ಕರಾರು ಅಧಿನಿಯಮದ 74ನೇ ಪ್ರಕರಣದಂತೆ, ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ನ್ಯಾಯಾಲಯ ಕೊಡಿಸುವುದು ಆ ಮೊತ್ತವನ್ನು ಮೀರದ ಸಮಂಜಸ ಪರಿಹಾರವನ್ನು. ಬರೆದ ಮೊತ್ತ ಮೇಲಿನ ಮಿತಿ ಮಾತ್ರ. ಆದರೆ ಇದನ್ನು ಪತ್ರದಲ್ಲಿ ಉಲ್ಲೇಖಿಸಬಾರದು. ಅವಧಿ ಬೇಡುತ್ತ ಕಾನೂನಿನ ಪ್ರಕರಣ ಹೇಳಿದರೆ ಜಗಳಕ್ಕೆ ನಿಂತಂತೆ ಕೇಳಿಸುತ್ತದೆ.

ಮಾರುವವರ ಕಡೆಯಿಂದಲೂ ಒಂದು ವಾಕ್ಯ ಬರಬಹುದು, ಅದಕ್ಕೆ ಹೆದರಬೇಡಿ. ಅದೇ ಕರಾರು ಅಧಿನಿಯಮದ 55ನೇ ಪ್ರಕರಣದ ಪ್ರಕಾರ, ಅವಧಿಯೇ ಕರಾರಿನ ಮುಖ್ಯ ಅಂಶವಾಗಿದ್ದಾಗ, ತಡವಾಗಿ ನಡೆದ ಕೆಲಸವನ್ನು ಒಪ್ಪಿಕೊಂಡವರು ಒಪ್ಪುವ ಹೊತ್ತಿನಲ್ಲೇ ತಿಳಿಸದಿದ್ದರೆ ಆ ತಡಕ್ಕೆ ಪರಿಹಾರ ಕೇಳುವಂತಿಲ್ಲ. ಅದಕ್ಕಾಗಿಯೇ ಅವರ ವಕೀಲರು "ಪರಿಹಾರದ ಹಕ್ಕನ್ನು ಕಾಯ್ದಿರಿಸಿ ಅವಧಿ ಕೊಟ್ಟಿದ್ದೇವೆ" ಎಂದು ಸೇರಿಸುತ್ತಾರೆ. ತಡಕ್ಕೆ ಎಷ್ಟು ಕೊಡುತ್ತೀರೆಂದು ನೀವೇ ಮೊದಲು ಹೇಳಿದ್ದರೆ ಆ ವಾಕ್ಯ ಅಷ್ಟಕ್ಕೇ ಸೀಮಿತವಾಗುತ್ತದೆ.

ದಿನಕ್ಕೆ ಎಷ್ಟು ಅಂತ ಕೊಡುತ್ತೇನೆ ಅನ್ನಬೇಕು?

ಬಾಕಿ ಹಣ ಆ ದಿನವೇ ಮಾರುವವರ ಕೈಸೇರಿದ್ದರೆ ಅವರಿಗೆ ಬ್ಯಾಂಕಿನಲ್ಲಿ ಎಷ್ಟು ಬಡ್ಡಿ ಬರುತ್ತಿತ್ತು ಎಂಬಲ್ಲಿಂದ ಲೆಕ್ಕ ಹಿಡಿಯುವುದು ನನ್ನ ರೂಢಿ. 34 ಲಕ್ಷಕ್ಕೆ ವರ್ಷಕ್ಕೆ ಶೇಕಡಾ 7ರಂತೆ 2,38,000 ರೂಪಾಯಿ, ದಿನಕ್ಕೆ ಸುಮಾರು 652 ರೂಪಾಯಿ. ಅದಕ್ಕಿಂತ ಸ್ವಲ್ಪ ಮೇಲೆ, ದಿನಕ್ಕೆ 1,000 ರೂಪಾಯಿ ಎಂದೆವು. ಇಪ್ಪತ್ತೊಂದು ದಿನಕ್ಕೆ 21,000 ಆಗುತ್ತದೆ, ಬೇಗ ನೋಂದಣಿಯಾದರೆ ಅಷ್ಟು ದಿನಕ್ಕೆ ಮಾತ್ರ. ಮಾರುವವರಿಗೆ ನಷ್ಟವಿಲ್ಲ, ಕೊಳ್ಳುವವರಿಗೆ ಹೊರೆಯೂ ಅಲ್ಲ.

ಈ ಹಣ ಕ್ರಯದ ಬೆಲೆಗೆ ಸೇರಿದ್ದೇ ಅಥವಾ ಅದರ ಮೇಲಿನದೇ ಎಂಬುದನ್ನು ಬರೆಯಲು ಮರೆತರೆ ನೋಂದಣಿಯ ದಿನ ಕಚೇರಿಯ ಮೆಟ್ಟಿಲ ಮೇಲೆ ಚರ್ಚೆ ಶುರುವಾಗುತ್ತದೆ. ಮೇಲಿನದಾದರೆ ಮೇಲಿನದೆಂದೇ ಬರೆಯಿರಿ, ಯಾವಾಗ ಹೇಗೆ ಕೊಡುತ್ತೀರೆಂಬುದನ್ನೂ ಬರೆಯಿರಿ.

ನಂಬಿಕೆಗಾಗಿ ಇನ್ನೊಂದು ಲಕ್ಷ ಮುಂಗಡ ಕೊಟ್ಟುಬಿಡಲಾ?

ಮಾರುವವರು ಕೇಳಿದರೆ ಕೊಡಬಹುದು, ತಾವಾಗಿ ಮುಂದೊಡ್ಡುವುದು ಬೇಡ. ಮುಟ್ಟುಗೋಲಿನ ಷರತ್ತು "ಮುಂಗಡ ಹಣ" ಎಂದಿದ್ದರೆ ಹೊಸ ಲಕ್ಷವೂ ಅದರೊಳಗೆ ಸೇರುತ್ತದೆ ಎಂದು ವಾದ ಬರಬಹುದು. ಕೊಡುವುದಾದರೆ "ಇದು ಕ್ರಯದ ಬಾಕಿಯ ಭಾಗಶಃ ಪಾವತಿ, 7ನೇ ಷರತ್ತಿನ ಮುಂಗಡಕ್ಕೆ ಸೇರಿದ್ದಲ್ಲ" ಎಂದು ಬರೆದು ರಸೀದಿ ಪಡೆಯಬೇಕು. ಕೊಡುವುದು ಬ್ಯಾಂಕಿನ ಮೂಲಕವೇ ಆಗಬೇಕು. ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದಿನಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಒಂದು ಮಾದರಿ ಬರೆದು ತೋರಿಸಿ.

ಮೇಲಿನ ಪ್ರಕರಣದ ಪತ್ರ ಇದು:

> ಹಾಸನ, ದಿನಾಂಕ 06-03-2026
>
> ಇವರಿಂದ: (ಕೊಳ್ಳುವವರ ಹೆಸರು, ವಿಳಾಸ)
> ಇವರಿಗೆ: (ಮಾರುವವರಿಬ್ಬರ ಹೆಸರು, ವಿಳಾಸ)
>
> ವಿಷಯ: ನಿವೇಶನದ ಶುದ್ಧ ಕ್ರಯಪತ್ರದ ನೋಂದಣಿ ದಿನಾಂಕವನ್ನು 10-04-2026ರವರೆಗೆ ವಿಸ್ತರಿಸಲು ಕೋರಿಕೆ.
> ಉಲ್ಲೇಖ: ನಮ್ಮ ನಡುವಿನ 22-12-2025ರ ಕ್ರಯದ ಕರಾರು.
>
> ಮಾನ್ಯರೇ,
>
> ಉಲ್ಲೇಖಿತ ಕರಾರಿನಂತೆ 20-03-2026ರೊಳಗೆ ಬಾಕಿ 34,00,000 ರೂಪಾಯಿ ಪಾವತಿಸಿ ಕ್ರಯಪತ್ರವನ್ನು ನೋಂದಾಯಿಸಿಕೊಳ್ಳಬೇಕಾಗಿದೆ. ಇದರಲ್ಲಿ 10,00,000 ರೂಪಾಯಿ ನನ್ನ ಖಾತೆಯಲ್ಲಿದ್ದು, ಉಳಿದ 24,00,000 ರೂಪಾಯಿ ಸಾಲ ಮಂಜೂರಾಗಿದೆ. ಹಣ ಬಿಡುಗಡೆಗೆ ಮುನ್ನ ದೃಢೀಕೃತ ವಂಶವೃಕ್ಷ ಬೇಕೆಂದು ಬ್ಯಾಂಕು 04-03-2026ರಂದು ತಿಳಿಸಿದೆ. ಅದಕ್ಕಾಗಿ ತಾವು 05-03-2026ರಂದು ಅರ್ಜಿ ಸಲ್ಲಿಸಿ ಸಹಕರಿಸಿದ್ದೀರಿ, ಅದು ಕೈಸೇರಬೇಕಾಗಿದೆ.
>
> ಆದ್ದರಿಂದ ನೋಂದಣಿಯ ಅವಧಿಯನ್ನು ಇಪ್ಪತ್ತೊಂದು ದಿನ, ಅಂದರೆ 10-04-2026ರವರೆಗೆ ವಿಸ್ತರಿಸಬೇಕೆಂದು ಕೋರುತ್ತೇನೆ. ವ್ಯವಹಾರವನ್ನು ಪೂರ್ಣಗೊಳಿಸಲು ನಾನು ಸಿದ್ಧನಿದ್ದೇನೆ.
>
> ಕರಾರಿನ 7ನೇ ಷರತ್ತು ನನಗೆ ತಿಳಿದಿದೆ. ಅದನ್ನು ರದ್ದುಮಾಡಲು ಕೇಳುತ್ತಿಲ್ಲ. 10-04-2026ರವರೆಗೆ ಜಾರಿಗೆ ತರಬಾರದೆಂದಷ್ಟೇ ಕೋರುತ್ತೇನೆ. ಈ ವಿಳಂಬಕ್ಕೆ ಪರಿಹಾರವಾಗಿ 21-03-2026ರಿಂದ ನೋಂದಣಿಯಾಗುವ ದಿನದವರೆಗೆ ದಿನವೊಂದಕ್ಕೆ 1,000 ರೂಪಾಯಿಯನ್ನು, ಕ್ರಯದ ಬೆಲೆಗೆ ಸೇರಿಸದೆ ಪ್ರತ್ಯೇಕವಾಗಿ, ನೋಂದಣಿಯ ದಿನ ತಮ್ಮ ಖಾತೆಗೆ ಪಾವತಿಸುತ್ತೇನೆ. ಈ ಅವಧಿಯಲ್ಲಿ ಮುದ್ರಾಂಕ ಅಥವಾ ನೋಂದಣಿ ಶುಲ್ಕ ಹೆಚ್ಚಾದರೆ ಆ ಹೆಚ್ಚಳ ನನ್ನದೇ. ಕರಾರಿನ ಉಳಿದ ಷರತ್ತುಗಳು ಇದ್ದಂತೆಯೇ ಇರುತ್ತವೆ.
>
> ತಾವು ಒಪ್ಪಿದಲ್ಲಿ ಈ ಪತ್ರದ ನಕಲಿನ ಮೇಲೆ ಇಬ್ಬರೂ ಸಹಿ ಮಾಡಿ 13-03-2026ರೊಳಗೆ ಹಿಂದಿರುಗಿಸಬೇಕೆಂದು ವಿನಂತಿ.
>
> ಲಗತ್ತು: ಸಾಲ ಮಂಜೂರಾತಿ ಪತ್ರ, ಬ್ಯಾಂಕಿನ 04-03-2026ರ ಪತ್ರ, ಖಾತೆಯ ಬಾಕಿ ವಿವರ (ನಕಲುಗಳು).
>
> ತಮ್ಮ ವಿಶ್ವಾಸಿ,
> (ಸಹಿ)

## ಪತ್ರ ಕೊಟ್ಟ ಮೇಲೆ

ಉತ್ತರವೇ ಬರಲಿಲ್ಲ. ಮೌನ ಒಪ್ಪಿಗೆ ಅಂತ ತಿಳಿಯಬಹುದಾ?

ತಿಳಿಯಬಾರದು. ಪತ್ರದಲ್ಲಿ ಹೇಳಿದ ದಿನದೊಳಗೆ ಉತ್ತರ ಬರದಿದ್ದರೆ ಹಳೆಯ ದಿನಾಂಕವೇ ಉಳಿದಿದೆ ಎಂದು ತಿಳಿದು ನಡೆಯಬೇಕು. ಅದಕ್ಕಾಗಿಯೇ ಉತ್ತರದ ಗಡುವನ್ನು ಮೂಲ ದಿನಾಂಕಕ್ಕಿಂತ ಒಂದು ವಾರ ಮುಂಚೆ ಇಟ್ಟೆವು. ಕೈಯಾರೆ ಕೊಡುವುದಾದರೆ ನಕಲಿನ ಮೇಲೆ "ತಲುಪಿದೆ" ಎಂದು ದಿನಾಂಕ ಸಹಿತ ಬರೆಸಿಕೊಳ್ಳಬೇಕು. ಅಂಚೆಯಲ್ಲಾದರೆ ತಲುಪಿದ್ದಕ್ಕೆ ರುಜುವಾತು ಸಿಗುವಂತೆ ಕಳುಹಿಸಬೇಕು. 2025ರಲ್ಲಿ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿರುವುದರಿಂದ ಕೌಂಟರಿನಲ್ಲಿ ನೋಂದಣಿ ಸಹಿತ ಸ್ಪೀಡ್ ಪೋಸ್ಟ್ ಎಂದು ಕೇಳಿ. ವಾಟ್ಸಾಪಿನಲ್ಲಿ ಫೋಟೋ ಕಳಿಸುವುದು ಇದಕ್ಕೆ ಜೊತೆಯಾಗಿ ಇರಲಿ, ಬದಲಿಯಾಗಿ ಬೇಡ.

ಒಪ್ಪಿದ್ದಾರೆ. ನಕಲಿನ ಮೇಲೆ ಮೇಷ್ಟ್ರ ಸಹಿ ಸಾಕಾ?

ಕರಾರಿಗೆ ಸಹಿ ಮಾಡಿದ ಎಲ್ಲರ ಸಹಿಯೂ ಬೇಕು. ಮೇಷ್ಟ್ರ ತಂಗಿ ಕಡೂರಿನಲ್ಲಿದ್ದರು, ಅಣ್ಣನೇ ಎಲ್ಲ ನೋಡಿಕೊಳ್ಳುತ್ತಾನೆ ಎಂದರು. ಕೊಳ್ಳುವವರು ಕಡೂರಿಗೆ ಹೋಗಿ ಸಹಿ ಪಡೆದು ಬಂದರು, ಒಳ್ಳೆಯದನ್ನೇ ಮಾಡಿದರು. ಯಾರಾದರೂ ಅಧಿಕಾರಪತ್ರದ ಮೇಲೆ ಸಹಿ ಮಾಡುವುದಾದರೆ ಅದರಲ್ಲಿ ಕರಾರಿನ ಷರತ್ತು ಬದಲಿಸುವ ಅಧಿಕಾರವಿದೆಯೇ ಎಂದು ಓದಿ ನೋಡಬೇಕು.

ಸಹಿಯಾದ ಪತ್ರವನ್ನು ಆಧಾರವಾಗಿಟ್ಟುಕೊಂಡು ಛಾಪಾ ಕಾಗದದಲ್ಲಿ ಒಂದು ಪುಟದ ಪೂರಕ ಕರಾರು ಮಾಡಿಕೊಳ್ಳುವುದನ್ನೇ ನಾನು ಹೇಳುತ್ತೇನೆ. ಮೂಲ ಕರಾರು ನೋಂದಣಿಯಾಗಿದ್ದರೆ ಪೂರಕ ಕರಾರನ್ನೂ ನೋಂದಾಯಿಸುವುದು ಕ್ಷೇಮ. ಇಲ್ಲದಿದ್ದರೆ ಋಣಭಾರ ಪತ್ರ ತೆಗೆಸಿದವರಿಗೆ ಹಳೆಯ ಅವಧಿಯ ಕರಾರು ಮಾತ್ರ ಕಾಣುತ್ತದೆ.

ಶುಲ್ಕ ಏರಿದರೆ ನಾನೇ ಕೊಡುತ್ತೇನೆ ಅಂತ ಬರೆಯುವುದು ಅತಿಯಾಗಲಿಲ್ಲವಾ?

ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿತು. 38 ಲಕ್ಷದ ಪತ್ರಕ್ಕೆ ಅದೊಂದೇ 38,000 ರೂಪಾಯಿ ಹೆಚ್ಚು. ಆಗಸ್ಟ್ ಕೊನೆಯ ವಾರದ ನೋಂದಣಿಯನ್ನು ಸೆಪ್ಟೆಂಬರಿಗೆ ತಳ್ಳಿದವರು ಅಷ್ಟನ್ನೂ ಕಟ್ಟಿದರು. ಶುಲ್ಕ ಹೇಗಿದ್ದರೂ ಸಾಮಾನ್ಯವಾಗಿ ಕೊಳ್ಳುವವರ ಪಾಲಿಗೇ ಬರುತ್ತದೆ, ಆ ವಾಕ್ಯದಿಂದ ನಿಮಗೆ ಹೊಸ ಹೊರೆಯೇನೂ ಬೀಳುವುದಿಲ್ಲ. ಮಾರುವವರಿಗೆ ಮಾತ್ರ ಒಂದು ಚಿಂತೆ ಕಡಿಮೆಯಾಗುತ್ತದೆ.

ಹೊಸ ದಿನಾಂಕದಂದು ಕಾವೇರಿ ಸರ್ವರ್ ಕೈಕೊಟ್ಟರೆ ತಪ್ಪು ಯಾರದು?

2025ರ ಆರಂಭದಲ್ಲಿ ಕಾವೇರಿ ತಂತ್ರಾಂಶ ಸೈಬರ್ ದಾಳಿಗೆ ಸಿಕ್ಕು ರಾಜ್ಯದಾದ್ಯಂತ ನೋಂದಣಿಗೆ ತೊಡಕಾದದ್ದನ್ನು ಮರೆಯುವಂತಿಲ್ಲ. ತಪ್ಪು ಯಾರದೂ ಅಲ್ಲ, ಆದರೆ ನೀವು ಬಂದಿದ್ದಿರಿ ಎಂಬುದಕ್ಕೆ ಗುರುತು ಬೇಕು. ಕಾಯ್ದಿರಿಸಿದ ಹೊತ್ತಿನ ಪ್ರತಿ, ಶುಲ್ಕ ಕಟ್ಟಿದ ಚಲನ್, ಡಿ.ಡಿ.ಯ ನಕಲು ಜೊತೆಗಿರಲಿ. ಅಂದೇ ಮಾರುವವರೊಂದಿಗೆ ಎರಡು ಸಾಲಿನ ಒಕ್ಕಣೆ ಬರೆದು, ಕಚೇರಿ ಕೆಲಸ ಶುರುವಾದ ಮೇಲೆ ಸಿಗುವ ಮೊದಲ ದಿನಕ್ಕೆ ನೋಂದಣಿ ಎಂದು ಇಬ್ಬರೂ ಸಹಿ ಹಾಕಿ. ಆ ದಿನಗಳಿಗೆ ದಿನಕ್ಕೆ ಸಾವಿರದ ಲೆಕ್ಕ ಓಡುವುದಿಲ್ಲ ಎಂಬುದನ್ನು ಅಲ್ಲೇ ಸೇರಿಸಿ.

ಅವಧಿ ವಿಸ್ತರಿಸಿದ ಮೇಲೆ ಅವರೇ ಹಿಂಜರಿದರೆ, ನ್ಯಾಯಾಲಯಕ್ಕೆ ಹೋಗಲು ಸಮಯ ಯಾವಾಗಿನಿಂದ ಲೆಕ್ಕ?

1963ರ ಕಾಲಮಿತಿ ಅಧಿನಿಯಮದ 54ನೇ ಬಾಬಿನಂತೆ, ಕರಾರಿನ ಕೆಲಸಕ್ಕೆ ಗೊತ್ತುಮಾಡಿದ ದಿನದಿಂದ ಮೂರು ವರ್ಷ. ಇಬ್ಬರೂ ಒಪ್ಪಿ ಲಿಖಿತವಾಗಿ ದಿನಾಂಕ ಬದಲಿಸಿದ್ದರೆ ಎಣಿಕೆ ಹೊಸ ದಿನಾಂಕದಿಂದ ಶುರುವಾಗುತ್ತದೆ. ಬರಿ ಬಾಯಿಮಾತಿನ ವಿಸ್ತರಣೆಯಾದರೆ ಹಳೆಯ ದಿನಾಂಕದಿಂದಲೇ ಎಣಿಸಬೇಕೆಂದು ಎದುರಿನವರು ವಾದಿಸುತ್ತಾರೆ. ಮೂರು ವರ್ಷ ಇದೆಯೆಂದು ಕಾಯುತ್ತ ಕೂರುವುದೂ ಅಪಾಯ. ಸಿದ್ಧನಿದ್ದೆ ಎಂದವರು ಅಷ್ಟು ದಿನ ಸುಮ್ಮನಿದ್ದುದೇಕೆ ಎಂಬ ಪ್ರಶ್ನೆ ಬರುತ್ತದೆ. ಏಪ್ರಿಲ್ 10 ಕಳೆದು ಮಾರುವವರು ಬರದಿದ್ದರೆ ಅದೇ ವಾರದಲ್ಲಿ ವಕೀಲರ ಮೂಲಕ ನೋಟಿಸು ಕೊಡಿಸಬೇಕು. ನಮ್ಮ ಪ್ರಕರಣದಲ್ಲಿ ಆ ಸಂದರ್ಭ ಬರಲಿಲ್ಲ. ವಂಶವೃಕ್ಷ ಮಾರ್ಚ್ 24ಕ್ಕೆ ಕೈಸೇರಿತು, ಏಪ್ರಿಲ್ 7ಕ್ಕೆ ನೋಂದಣಿಯಾಯಿತು, ಮಾರ್ಚ್ 21ರಿಂದ ಹದಿನೆಂಟು ದಿನಕ್ಕೆ 18,000 ರೂಪಾಯಿ ಮೇಷ್ಟ್ರ ಖಾತೆಗೆ ಹೋಯಿತು. ತಂಗಿಯ ಪಾಲೆಷ್ಟು ಎಂಬುದನ್ನು ಅಣ್ಣ ತಂಗಿ ಅಲ್ಲೇ ಕಚೇರಿಯ ಹೊರಗೆ ಕಾಫಿ ಕುಡಿಯುತ್ತ ಮಾತನಾಡಿಕೊಂಡರು.